ಒಂದು ಪರ್ಸೆಂಟ್ ಎಂಬ ಅಂಕಿಯನ್ನು ಬಿಡಿಸಿ ನೋಡಿದ ತಿಂಗಳು

ಏಪ್ರಿಲ್ ತಿಂಗಳ ಕೊನೆಯ ದಿನ ನನ್ನ ತಮ್ಮ ಮೊಬೈಲ್ ಹಿಡಿದು ಅಡುಗೆಮನೆಗೆ ಬಂದ. "ಅಕ್ಕಾ, ನಮ್ಮ ಕನ್ವರ್ಷನ್ ರೇಟ್ ಅರ್ಧಕ್ಕರ್ಧ ಬಿದ್ದು ಹೋಗಿದೆ. ಮಾರ್ಚ್‌ನಲ್ಲಿ 2.1 ಇತ್ತು, ಈಗ 1 ಪರ್ಸೆಂಟ್. ಸೈಟ್‌ನಲ್ಲಿ ಏನೋ ಕೆಟ್ಟಿದೆ" ಅಂದ. ಅವನ ಮುಖ ನೋಡಿ ನನಗೂ ಗಾಬರಿಯಾಯಿತು.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ತೋಟ. ಮೂರು ವರ್ಷದಿಂದ ನಮ್ಮ ಕಾಫಿಯನ್ನು ನಾವೇ ಹುರಿಸಿ, ಪುಡಿ ಮಾಡಿಸಿ, ಆನ್‌ಲೈನ್ ಅಂಗಡಿಯಲ್ಲಿ ಮಾರುತ್ತಿದ್ದೇವೆ. ಜೊತೆಗೆ ಕಾಳುಮೆಣಸು, ಜೇನು, ಕೊಡಗಿನ ಅಡುಗೆಗೆ ಹಾಕುವ ಹುಳಿ ಕಾಚಂಪುಳಿ. ಪ್ಯಾಕಿಂಗ್ ಮತ್ತು ಲೆಕ್ಕ ನನ್ನದು. ಫೋಟೋ, ವಿಡಿಯೋ, ಇನ್‌ಸ್ಟಾಗ್ರಾಮ್ ತಮ್ಮನದು. ಸೈಟ್ ಮಾಡಿಕೊಡುವ ಒಬ್ಬರು ಆ ವಾರವೇ ಹೊಸ ಡಿಸೈನ್‌ಗೆ 35,000 ರೂಪಾಯಿ ಕೇಳಿದ್ದರು. ರೇಟ್ ಬಿದ್ದದ್ದನ್ನು ನೋಡಿ ತಮ್ಮ ಆ ಹಣ ಕೊಟ್ಟೇಬಿಡೋಣ ಎನ್ನುತ್ತಿದ್ದ. ಅಷ್ಟು ದುಡ್ಡು ಹುಟ್ಟಲು ನಾವು ಎಷ್ಟು ಪ್ಯಾಕೆಟ್ ಮಾರಬೇಕು ಎನ್ನುವುದು ನನಗೆ ಗೊತ್ತು. ಒಂದು ಕಾಲು ಕೆಜಿ ಪ್ಯಾಕೆಟ್‌ನಲ್ಲಿ ನಮಗೆ ಉಳಿಯುವುದು 55 ರೂಪಾಯಿ. ಅದಕ್ಕೆ ನಾನು, "ಎರಡು ದಿನ ಕೊಡು, ಮೊದಲು ಎಲ್ಲಿ ಕೆಟ್ಟಿದೆ ಅಂತ ನೋಡೋಣ" ಎಂದೆ.

ಮೊದಲು ಆ ಅಂಕಿ ಏನು ಹೇಳುತ್ತದೆ ಎಂದು ಕೂತು ನೋಡಿದೆ. ಕನ್ವರ್ಷನ್ ರೇಟ್ ಎಂದರೆ ನೂರು ಭೇಟಿಗೆ ಎಷ್ಟು ಆರ್ಡರ್ ಎಂಬ ಲೆಕ್ಕ, ಅಷ್ಟೇ. ಭೇಟಿ ಎಂದರೆ ಜನ ಅಲ್ಲ, ಸೆಷನ್. ಒಬ್ಬರೇ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಂದರೆ ಎರಡು ಸೆಷನ್. ಅರ್ಧ ಗಂಟೆ ಸುಮ್ಮನಿದ್ದು ಮತ್ತೆ ಮುಟ್ಟಿದರೂ ಹೊಸ ಸೆಷನ್ ಆಗುತ್ತದೆ. ಮಾರ್ಚ್‌ನಲ್ಲಿ 1,700 ಸೆಷನ್, 36 ಆರ್ಡರ್. ಏಪ್ರಿಲ್‌ನಲ್ಲಿ 4,200 ಸೆಷನ್, 42 ಆರ್ಡರ್. ಎರಡು ಸಾಲನ್ನು ಒಂದರ ಕೆಳಗೊಂದು ಬರೆದಾಗ ನನಗೆ ಕಂಡದ್ದು ಬೇರೆಯೇ. ಆರ್ಡರ್ ಕಡಿಮೆಯಾಗಿಲ್ಲ, ಆರು ಜಾಸ್ತಿಯೇ ಆಗಿದೆ. ಜಾಸ್ತಿಯಾದದ್ದು ಭೇಟಿ.

ಹಾಗಾದರೆ ಈ ಎರಡೂವರೆ ಸಾವಿರ ಹೊಸ ಭೇಟಿಯವರು ಯಾರು? ಅದು ನಮಗೆ ಗೊತ್ತಿತ್ತು, ಆದರೆ ರೇಟ್‌ಗೂ ಅದಕ್ಕೂ ಗಂಟು ಹಾಕಿ ನೋಡಿರಲಿಲ್ಲ ಅಷ್ಟೇ. ಏಪ್ರಿಲ್ ಮೊದಲ ವಾರ ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತ್ತು. ತಮ್ಮ ಬೆಳಗಿನ ಮಂಜಿನಲ್ಲಿ ಆ ಹೂವಿನ ವಿಡಿಯೋ ಮಾಡಿ ಹಾಕಿದ್ದ. ಎಲ್ಲೆಲ್ಲಿಯ ಜನವೋ ನೋಡಿದರು, ಹಂಚಿಕೊಂಡರು. ಅದರಲ್ಲಿ ತುಂಬಾ ಜನ ಯಾರ ತೋಟ ಇದು ಎಂದು ನೋಡಲು ನಮ್ಮ ಲಿಂಕ್ ಒತ್ತಿದ್ದಾರೆ. ಹೂ ನೋಡಲು ಬಂದವರು ಪುಡಿ ಕೊಳ್ಳಲಿಲ್ಲ ಎಂದರೆ ಸೈಟ್ ಕೆಟ್ಟಿದೆ ಎಂದು ಅರ್ಥವಲ್ಲ ಅಲ್ವಾ?

ಆದರೆ ಇದು ಊಹೆ. ಅದಕ್ಕೆ ಎಲ್ಲಿಂದ ಬಂದವರು ಎಷ್ಟು, ಅವರಿಂದ ಆರ್ಡರ್ ಎಷ್ಟು ಎಂದು ಬೇರೆ ಬೇರೆ ಮಾಡಬೇಕಿತ್ತು. ಗೂಗಲ್ ಅನಲಿಟಿಕ್ಸ್‌ನಲ್ಲಿ ಟ್ರಾಫಿಕ್ ಎಲ್ಲಿಂದ ಬಂತು ಎಂಬ ಪಟ್ಟಿ ತೆರೆದೆ. ಮೊದಲ ಏಟಿಗೇ ತಲೆ ಕೆಟ್ಟಿತು. ಅತಿ ಹೆಚ್ಚು ಆರ್ಡರ್ ತಂದುಕೊಟ್ಟ ಮೂಲ ಎಂದು ಅಲ್ಲಿ ಕಂಡದ್ದು ನಾವು ಹಣ ಪಡೆಯಲು ಬಳಸುವ ಪೇಮೆಂಟ್ ಪುಟ!

ಇದು ಯಾಕೆ ಹೀಗೆ ಎಂದು ಅರ್ಥವಾಗಲು ಒಂದು ಸಂಜೆ ಹೋಯಿತು. ಗ್ರಾಹಕರು ಹಣ ಕಟ್ಟಲು ನಮ್ಮ ಸೈಟ್ ಬಿಟ್ಟು ಪೇಮೆಂಟ್ ಪುಟಕ್ಕೆ ಹೋಗುತ್ತಾರೆ. ಕಟ್ಟಿ ವಾಪಸ್ ನಮ್ಮ ಸೈಟ್‌ಗೆ ಬರುತ್ತಾರೆ. ಆಗ ಅನಲಿಟಿಕ್ಸ್, "ಇವರು ಆ ಪುಟದಿಂದ ಬಂದವರು" ಎಂದು ಬರೆದುಕೊಂಡು ಆರ್ಡರ್ ತಂದ ಹೆಸರನ್ನು ಅದಕ್ಕೇ ಕೊಟ್ಟುಬಿಡುತ್ತದೆ. ಆ ಪುಟದ ವಿಳಾಸವನ್ನು `List unwanted referrals` ಎಂಬ ಜಾಗದಲ್ಲಿ ಸೇರಿಸಿದರೆ ಮುಂದೆ ಹೀಗಾಗುವುದಿಲ್ಲ. ನಾವು ಅದನ್ನು ಸೇರಿಸಿರಲಿಲ್ಲ. ಸೇರಿಸಿದೆ. ಆದರೆ ಅದು ಮುಂದಿನ ಲೆಕ್ಕಕ್ಕೆ ಮಾತ್ರ. ಹಳೆಯದು ತಾನಾಗಿ ಸರಿಯಾಗುವುದಿಲ್ಲ.

ಇನ್ನೊಂದು ವಿಷಯವೂ ಆಗಲೇ ಕಂಡಿತು. ಅನಲಿಟಿಕ್ಸ್ ಪ್ರಕಾರ ಏಪ್ರಿಲ್ ಆರ್ಡರ್ 36, ನನ್ನ ಪ್ಯಾಕಿಂಗ್ ಪುಸ್ತಕದ ಪ್ರಕಾರ 42. ಆರು ಜನ ಯುಪಿಐನಲ್ಲಿ ಹಣ ಕಟ್ಟಿ, ನಮ್ಮ 'ಧನ್ಯವಾದ' ಪುಟಕ್ಕೆ ವಾಪಸ್ ಬಾರದೆ ಹಾಗೇ ಫೋನ್ ಮುಚ್ಚಿಟ್ಟಿರಬೇಕು. ಆರ್ಡರ್ ಎಣಿಕೆಯಾಗುವುದು ಆ ಪುಟ ತೆರೆದಾಗ. ಹಣ ಬಂದಿದೆ, ಎಣಿಕೆಗೆ ಸಿಕ್ಕಿಲ್ಲ. ಅಂದಿನಿಂದ ಆರ್ಡರ್ ಲೆಕ್ಕಕ್ಕೆ ನಾನು ಪ್ಯಾಕಿಂಗ್ ಪುಸ್ತಕವನ್ನೇ ನಂಬುತ್ತೇನೆ, ಭೇಟಿಯ ಲೆಕ್ಕಕ್ಕೆ ಮಾತ್ರ ಅನಲಿಟಿಕ್ಸ್ ನೋಡುತ್ತೇನೆ.

ಹಳೆಯ ಲೆಕ್ಕ ಸರಿಮಾಡಲು ಕೈಯಲ್ಲೇ ಕೆಲಸ ಮಾಡಿದೆ. ನಮ್ಮ ಅಂಗಡಿಯ ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿ ಆರ್ಡರ್ ತೆರೆದರೆ ಆ ಗ್ರಾಹಕರು ಮೊದಲು ಎಲ್ಲಿಂದ ಬಂದರು ಎಂದು ಒಂದು ಸಾಲು ಇರುತ್ತದೆ. 42 ಆರ್ಡರ್ ಒಂದೊಂದಾಗಿ ತೆರೆದು ನೋಟ್‌ಬುಕ್‌ನಲ್ಲಿ ಗೀಟು ಹಾಕಿಕೊಂಡೆ. ಮಧ್ಯದಲ್ಲಿ ಗಾಳಿಮಳೆ ಬಂದು ಕರೆಂಟ್ ಹೋಯಿತು, ಮೊಬೈಲ್ ಬೆಳಕಿನಲ್ಲಿ ಮುಗಿಸಿದೆ. ಬಂದದ್ದು ಇಷ್ಟು: ಇನ್‌ಸ್ಟಾಗ್ರಾಮ್‌ನಿಂದ 2,600 ಭೇಟಿ, 5 ಆರ್ಡರ್. ಗೂಗಲ್‌ನಲ್ಲಿ ಹುಡುಕಿ ಬಂದವರು 700, 13 ಆರ್ಡರ್. ಡೈರೆಕ್ಟ್ ಎಂದು ತೋರಿಸಿದ್ದು 650, 21 ಆರ್ಡರ್. ಉಳಿದ ಚಿಲ್ಲರೆ 250, 3 ಆರ್ಡರ್.

ಇನ್‌ಸ್ಟಾಗ್ರಾಮ್ ಬಿಟ್ಟು ಮಿಕ್ಕದ್ದನ್ನು ಕೂಡಿಸಿದೆ. 1,600 ಭೇಟಿಗೆ 37 ಆರ್ಡರ್, ಅಂದರೆ 2.3 ಪರ್ಸೆಂಟ್. ಮಾರ್ಚ್‌ನಲ್ಲಿ ಹಾಗೇ ಲೆಕ್ಕ ಹಾಕಿದರೆ 1,400 ಭೇಟಿಗೆ 35 ಆರ್ಡರ್, 2.5 ಪರ್ಸೆಂಟ್. ಇಷ್ಟು ಸಣ್ಣ ಅಂಕಿಗಳಲ್ಲಿ ಆ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಮೂರು ಜನ ಕೊಂಡರೆ, ಬಿಟ್ಟರೆ ಅಷ್ಟು ಏರುಪೇರು ಆಗುತ್ತದೆ. ಅಂದರೆ ಏಪ್ರಿಲ್‌ನಲ್ಲಿ ಏನೂ ಕೆಟ್ಟಿರಲಿಲ್ಲ. ಸಂತೆಗೆ ನೋಡಲು ಬಂದವರ ಗುಂಪು ದೊಡ್ಡದಾಗಿತ್ತು, ಕೊಳ್ಳುವವರ ಗುಂಪು ಮೊದಲಿನಷ್ಟೇ ಇತ್ತು.

ತಮ್ಮನಿಗೆ ತೋರಿಸಿದೆ. ಅವನಿಗೆ ಸಮಾಧಾನವೂ ಆಯಿತು, ಬೇಜಾರೂ ಆಯಿತು. "ಹಾಗಾದ್ರೆ ಏನೂ ಮಾಡೋದು ಬೇಡ್ವಾ ಅಕ್ಕಾ?" ಎಂದ. ಅದು ಒಳ್ಳೆಯ ಪ್ರಶ್ನೆ. ಏನೂ ಹೊಸದಾಗಿ ಕೆಟ್ಟಿಲ್ಲ ನಿಜ. ಆದರೆ ಮೊದಲಿನಿಂದಲೇ ಏನಾದರೂ ಸೋರುತ್ತಿದ್ದರೆ? ಅದನ್ನು ನೋಡಲು ಬಂದ ದಾರಿ ಸಾಲದು, ಬಂದ ಮೇಲೆ ಎಲ್ಲಿಯವರೆಗೆ ಹೋದರು ಎಂದು ನೋಡಬೇಕು.

ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಮೂರು ಮೆಟ್ಟಿಲು ತೋರಿಸುತ್ತದೆ. ಕಾರ್ಟ್‌ಗೆ ಹಾಕಿದವರು, ಚೆಕ್‌ಔಟ್ ತಲುಪಿದವರು, ಹಣ ಕಟ್ಟಿದವರು. ಇನ್‌ಸ್ಟಾಗ್ರಾಮ್ ಬಿಟ್ಟು ನೋಡಿದಾಗ 1,600 ಭೇಟಿಯಲ್ಲಿ 208 ಕಾರ್ಟ್, 148 ಚೆಕ್‌ಔಟ್, 37 ಆರ್ಡರ್. ಇಲ್ಲಿ ನನ್ನ ಕಣ್ಣು ಕೊನೆಯ ಮೆಟ್ಟಿಲಲ್ಲಿ ನಿಂತಿತು. ಕಾರ್ಟ್‌ನಿಂದ ಚೆಕ್‌ಔಟ್‌ಗೆ ಹತ್ತರಲ್ಲಿ ಏಳು ಜನ ಹೋಗುತ್ತಿದ್ದಾರೆ. ಆದರೆ ಚೆಕ್‌ಔಟ್‌ಗೆ ಬಂದು, ಹೆಸರು ವಿಳಾಸ ಬರೆಯುವ ಜಾಗ ಮುಟ್ಟಿದ ನಾಲ್ವರಲ್ಲಿ ಮೂವರು ವಾಪಸ್ ಹೋಗುತ್ತಿದ್ದಾರೆ. ಕಾಫಿ ಬೇಕು ಎಂದು ತೀರ್ಮಾನಿಸಿ ಬಾಗಿಲವರೆಗೆ ಬಂದವರು ಇವರು.

ಯಾಕೆ ಎಂದು ಅಂಕಿ ಹೇಳುವುದಿಲ್ಲ. ಎಲ್ಲಿ ಎಂದು ಮಾತ್ರ ಹೇಳುತ್ತದೆ. ಯಾಕೆ ಎಂದು ತಿಳಿಯಲು ಆ ಜನರ ಹತ್ತಿರ ಹೋಗಬೇಕು. ಅದಕ್ಕೆ ಅರ್ಧಕ್ಕೆ ಬಿಟ್ಟ ಚೆಕ್‌ಔಟ್‌ಗಳ ಪಟ್ಟಿ ತೆರೆದೆ. ಫೋನ್ ನಂಬರೋ ಇಮೇಲೋ ಬರೆದು ಆಮೇಲೆ ಬಿಟ್ಟವರು ಮಾತ್ರ ಅದರಲ್ಲಿ ಸಿಗುತ್ತಾರೆ. ಏಪ್ರಿಲ್‌ನಲ್ಲಿ 84 ಜನ. ಪ್ರತಿಯೊಂದನ್ನೂ ತೆರೆದು ಏನು ಕೊಳ್ಳಲು ಬಂದಿದ್ದರು, ಮೊತ್ತ ಎಷ್ಟು, ಯಾವ ಊರು ಎಂದು ಬರೆದುಕೊಂಡೆ.

ಐವತ್ತು ದಾಟುವ ಹೊತ್ತಿಗೆ ವಿಷಯ ಕಾಣತೊಡಗಿತು. 84ರಲ್ಲಿ 52 ಜನರ ಕಾರ್ಟ್‌ನಲ್ಲಿ ಇದ್ದದ್ದು ಒಂದೇ ಒಂದು ಕಾಲು ಕೆಜಿ ಕಾಫಿ ಪ್ಯಾಕೆಟ್. ಬೆಲೆ 210 ರೂಪಾಯಿ. ಆಮೇಲೆ ಹಣ ಕಟ್ಟಿದ 42 ಜನರದ್ದನ್ನೂ ನೋಡಿದೆ. ಅದರಲ್ಲಿ 33 ಆರ್ಡರ್ 500 ರೂಪಾಯಿಗೆ ಮೇಲೆ. ಕೊಂಡವರಲ್ಲಿ ಹೆಚ್ಚಿನವರು ದೊಡ್ಡ ಆರ್ಡರ್‌ನವರು, ಬಿಟ್ಟುಹೋದವರಲ್ಲಿ ಹೆಚ್ಚಿನವರು ಒಂದು ಪ್ಯಾಕೆಟ್‌ನವರು. ಇವರ ನಡುವೆ ಬದಲಾಗುವುದು ಏನು? ಕೊರಿಯರ್ ಚಾರ್ಜಿನ ಭಾರ. ನಾವು ಎಲ್ಲ ಊರಿಗೂ, ಎಷ್ಟೇ ಕೊಂಡರೂ 90 ರೂಪಾಯಿ ಇಟ್ಟಿದ್ದೆವು. ದೆಹಲಿಗೆ, ಕೋಲ್ಕತ್ತಕ್ಕೆ ಕಳಿಸುವ ಖರ್ಚನ್ನೂ ಬೆಂಗಳೂರಿಗೆ ಕಳಿಸುವ ಖರ್ಚನ್ನೂ ಸೇರಿಸಿ ಸರಾಸರಿ ತೆಗೆದು ಇಟ್ಟ ಮೊತ್ತ ಅದು. ಮತ್ತೆ ಅದು ಕಾಣಿಸುತ್ತಿದ್ದದ್ದು ಚೆಕ್‌ಔಟ್‌ನಲ್ಲಿ ವಿಳಾಸ ಬರೆದ ಮೇಲೆ, ಅದಕ್ಕೆ ಮೊದಲು ಎಲ್ಲೂ ಇಲ್ಲ.

ಆದರೂ ಖಾತ್ರಿ ಬೇಕಿತ್ತು. ಆ ಪಟ್ಟಿಯಲ್ಲಿ ಮೈಸೂರಿನ ಒಬ್ಬರು ಇದ್ದರು, ಹಿಂದೆ ಎರಡು ಸಲ ನಮ್ಮಲ್ಲಿ ಕೊಂಡವರು, ನನಗೆ ಮಾತಿನ ಪರಿಚಯ. ಫೋನ್ ಮಾಡಿದೆ. "ಅಮ್ಮಾ, ಆರ್ಡರ್ ಅರ್ಧಕ್ಕೆ ನಿಂತಿದೆ, ಏನಾದರೂ ತೊಂದರೆ ಆಯ್ತಾ?" ಎಂದು ಕೇಳಿದೆ. ಅವರು, "ತೊಂದರೆ ಏನಿಲ್ಲಮ್ಮ. ಹೋದ ಸಲ ಮಗಳು ಬಂದಿದ್ಲು ಅಂತ ನಾಲ್ಕು ಪ್ಯಾಕೆಟ್ ತರಿಸಿದ್ದೆ. ಈಗ ಒಂದು ಸಾಕಿತ್ತು. ಇನ್ನೂರ ಹತ್ತು ರೂಪಾಯಿ ಪುಡಿಗೆ ತೊಂಬತ್ತು ರೂಪಾಯಿ ಕೊರಿಯರ್ ಅಂದ್ರೆ ಹೆಂಗೆ? ಮೈಸೂರೇನು ದೂರಾನಾ?" ಎಂದರು. ಅವರು ಹೇಳಿದ್ದು ಸರಿ. ಮೈಸೂರಿಗೆ ಒಂದು ಪ್ಯಾಕೆಟ್ ಕಳಿಸಲು ನಮಗೆ ಬೀಳುತ್ತಿದ್ದದ್ದು 60 ರೂಪಾಯಿಯೊಳಗೆ.

ಆಮೇಲೆ ಯಾವುದು ಮೊದಲು ಎಂಬ ಲೆಕ್ಕ. ತಮ್ಮನ ಪಟ್ಟಿಯಲ್ಲಿ ಹೊಸ ಡಿಸೈನ್, ಹೊಸ ಫೋಟೋ, ಇನ್‌ಸ್ಟಾಗ್ರಾಮ್‌ನವರಿಗೆ ಬೇರೆ ಪುಟ ಎಲ್ಲ ಇತ್ತು. ನಾನು ಪ್ರತಿಯೊಂದರ ಮುಂದೆ, ಇದು ಚೆನ್ನಾಗಿ ಕೆಲಸ ಮಾಡಿದರೆ ತಿಂಗಳಿಗೆ ಎಷ್ಟು ಆರ್ಡರ್ ಜಾಸ್ತಿಯಾಗಬಹುದು ಎಂದು ಬರೆದೆ. ಇನ್‌ಸ್ಟಾಗ್ರಾಮ್‌ನ ರೇಟ್ ಎರಡು ಪಟ್ಟು ಆದರೂ 5 ಆರ್ಡರ್ 10 ಆಗುತ್ತದೆ, ಅದೂ ಹೂವಿನ ವಿಡಿಯೋ ಓಡಿದ ತಿಂಗಳಲ್ಲಿ. ಚೆಕ್‌ಔಟ್‌ನಲ್ಲಿ ನೂರಕ್ಕೆ 25ರ ಬದಲು 35 ಜನ ಹಣ ಕಟ್ಟಿದರೆ, 148ಕ್ಕೆ 15 ಆರ್ಡರ್ ಜಾಸ್ತಿ. ಕೆಲಸವೋ, ಒಂದು ಮಧ್ಯಾಹ್ನದ್ದು, ಖರ್ಚಿಲ್ಲ. ತಮ್ಮ ಆ ಎರಡು ಸಾಲು ಓದಿ 35,000ದ ಮಾತನ್ನು ತಾನೇ ಬಿಟ್ಟ.

ಮೇ 3ರಂದು ಮೂರು ಬದಲಾವಣೆ ಮಾಡಿದೆವು. ಕರ್ನಾಟಕದೊಳಗೆ ಕೊರಿಯರ್ 50 ರೂಪಾಯಿ, ಹೊರಗೆ 90. 599ಕ್ಕೆ ಮೇಲೆ ಕೊಂಡರೆ ಉಚಿತ. ಈ ಎರಡೂ ಮಾತು ಪ್ರತಿ ಉತ್ಪನ್ನದ ಪುಟದಲ್ಲಿ, ಬೆಲೆಯ ಕೆಳಗೇ. 599 ಎಂದು ಸುಮ್ನೆ ಇಟ್ಟದ್ದಲ್ಲ. ಮೂರು ಪ್ಯಾಕೆಟ್ ಕೊಂಡರೆ 630 ಆಗುತ್ತದೆ. ನಮಗೆ ಉಳಿಯುವ 165ರಲ್ಲಿ ಬೆಂಗಳೂರಿನ ಕೊರಿಯರ್ 75 ಹೋದರೂ 90 ಉಳಿಯುತ್ತದೆ. ಎರಡು ಪ್ಯಾಕೆಟ್‌ಗೇ ಉಚಿತ ಎಂದಿದ್ದರೆ 35 ಮಾತ್ರ ಉಳಿಯುತ್ತಿತ್ತು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಫೋಟೋ ಬದಲಿಸಲು ತಮ್ಮ ತುಂಬಾ ಆಸೆಪಟ್ಟ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ ಎಂದು ಅವನನ್ನು ತಡೆದೆ.

ಅದೇ ವಾರ ಡೈರೆಕ್ಟ್ ಎಂಬ ಗುಂಪನ್ನೂ ಬಿಡಿಸಲು ಏರ್ಪಾಡು ಮಾಡಿದೆ. ಡೈರೆಕ್ಟ್ ಎಂದರೆ ವಿಳಾಸ ಟೈಪ್ ಮಾಡಿ ಬಂದವರು ಎಂದು ನಾವು ಅಂದುಕೊಂಡಿದ್ದೆವು. ನಿಜದಲ್ಲಿ ಅದು ಎಲ್ಲಿಂದ ಬಂದರು ಎಂದು ಗೊತ್ತಾಗದವರ ಗುಂಪು. ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿದವರು, ಪ್ಯಾಕೆಟ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದವರು, ದಿನಕ್ಕೆ ಹತ್ತು ಸಲ ಸೈಟ್ ತೆರೆದು ನೋಡುವ ನಾವು ಎಲ್ಲ ಅದರಲ್ಲೇ ಬೀಳುತ್ತೇವೆ. ಲಿಂಕ್‌ನ ಬಾಲಕ್ಕೆ ಗುರುತು ಕಟ್ಟಿದರೆ ಬೇರೆ ಬೇರೆ ಕಾಣುತ್ತದೆ.

```
https://example.com/coffee?utm_source=whatsapp&utm_medium=status&utm_campaign=may
```

`example.com` ಇರುವಲ್ಲಿ ನಿಮ್ಮ ಅಂಗಡಿಯ ವಿಳಾಸ ಬರುತ್ತದೆ. ಸ್ಟೇಟಸ್‌ಗೆ ಒಂದು, ಕ್ಯೂಆರ್‌ಗೆ ಇನ್ನೊಂದು ಮಾಡಿದೆವು. ಒಂದು ಎಚ್ಚರ ಬೇಕು. ತಮ್ಮ ಒಂದು ಸಲ `WhatsApp` ಎಂದೂ ಇನ್ನೊಂದು ಸಲ `whatsapp` ಎಂದೂ ಬರೆದಿದ್ದ. ವರದಿಯಲ್ಲಿ ಎರಡು ಬೇರೆ ಸಾಲಾಗಿ ಬಂತು. ಈಗ ಎಲ್ಲವನ್ನೂ ಸಣ್ಣ ಅಕ್ಷರದಲ್ಲೇ ಬರೆಯುತ್ತೇವೆ, ಬರೆದದ್ದನ್ನು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಇಟ್ಟುಕೊಳ್ಳುತ್ತೇವೆ.

ಮೇ ತಿಂಗಳ ಲೆಕ್ಕ ಬಂದಾಗ ತಮ್ಮ ಕುಣಿದಾಡಿದ. ಇನ್‌ಸ್ಟಾಗ್ರಾಮ್ ಬಿಟ್ಟು 1,550 ಭೇಟಿ, 131 ಚೆಕ್‌ಔಟ್, 52 ಆರ್ಡರ್. ಚೆಕ್‌ಔಟ್‌ಗೆ ಬಂದ ನೂರರಲ್ಲಿ 40 ಜನ ಹಣ ಕಟ್ಟಿದ್ದಾರೆ, ಮೊದಲು 25 ಇತ್ತು. ನಾನು ಆ 40ನ್ನು ಹಾಗೇ ನಂಬಲಿಲ್ಲ. ಚೆಕ್‌ಔಟ್ ತಲುಪಿದವರೇ 148ರಿಂದ 131ಕ್ಕೆ ಇಳಿದಿದ್ದಾರೆ ನೋಡಿ. ಕೊರಿಯರ್ ಚಾರ್ಜು ಈಗ ಮೊದಲೇ ಕಾಣುತ್ತದೆ. ಅದು ಬೇಡ ಎನ್ನುವವರು ಉತ್ಪನ್ನದ ಪುಟದಿಂದಲೇ ಹೊರಡುತ್ತಾರೆ, ಚೆಕ್‌ಔಟ್‌ಗೆ ಬರುವುದೇ ಇಲ್ಲ. ಒಂದೇ ಒಂದು ಆರ್ಡರ್ ಜಾಸ್ತಿಯಾಗದೆ ಇದ್ದರೂ ಕೊನೆಯ ಮೆಟ್ಟಿಲಿನ ಅಂಕಿ ಹೀಗೆ ಏರಿಬಿಡಬಹುದು. ಅದಕ್ಕೆ ಮೊದಲಿನಿಂದ ಕೊನೆಯವರೆಗಿನ ಲೆಕ್ಕ ನೋಡಿದೆ. 1,550ಕ್ಕೆ 52, ಅಂದರೆ 3.4 ಪರ್ಸೆಂಟ್. ಏಪ್ರಿಲ್‌ನಲ್ಲಿ ಅದೇ ಗುಂಪಿನದು 2.3. ಇದು ನಿಜವಾದ ಏರಿಕೆ.

ಆದರೂ ಒಂದು ತಿಂಗಳ 37 ಆರ್ಡರ್ ಎನ್ನುವುದು ತಾನಾಗೇ ಐದಾರು ಆಚೆ ಈಚೆ ಆಗುವ ಅಂಕಿ. ಮೇ ಎಂದರೆ ರಜೆ, ಕೊಡಗಿಗೆ ಬಂದು ಹೋದ ಪ್ರವಾಸಿಗರು ಊರಿಗೆ ಹೋಗಿ ಆರ್ಡರ್ ಮಾಡಿರಬಹುದು. ಹಾಗಾಗಿ ಜೂನ್ ಮುಗಿಯುವವರೆಗೂ ಕಾದೆ. ಜೂನ್‌ನಲ್ಲಿ ಮಳೆ ಹಿಡಿಯಿತು, ಪ್ರವಾಸಿಗರು ಕಡಿಮೆಯಾದರು, ಭೇಟಿ 1,480ಕ್ಕೆ ಇಳಿಯಿತು. ಆರ್ಡರ್ 50. ಅದೇ 3.4 ಪರ್ಸೆಂಟ್. ಆಗ ನನಗೆ ನಂಬಿಕೆ ಬಂತು. ಆರ್ಡರ್‌ಗಳ ಒಳಗೂ ಬದಲಾವಣೆ ಕಂಡಿತು. ಮೂರು ಪ್ಯಾಕೆಟ್ ಆರ್ಡರ್ ಜಾಸ್ತಿಯಾಗಿವೆ. ಒಂದು ಪ್ಯಾಕೆಟ್‌ನವರು ಕರ್ನಾಟಕದೊಳಗೆ ಈಗ ಕೊಳ್ಳುತ್ತಾರೆ, ಹೊರಗಿನವರು ಈಗಲೂ ಬಿಟ್ಟು ಹೋಗುತ್ತಾರೆ. ಅದಕ್ಕೆ ನಮ್ಮ ಹತ್ತಿರ ಸದ್ಯಕ್ಕೆ ದಾರಿ ಇಲ್ಲ, ಅಷ್ಟು ದೂರಕ್ಕೆ ಕಾಲು ಕೆಜಿ ಕಳಿಸುವ ಖರ್ಚು ಇರುವುದೇ ಅಷ್ಟು.

ಲಿಂಕ್‌ಗೆ ಗುರುತು ಕಟ್ಟಿದ್ದರಿಂದ ನನಗೆ ತುಂಬಾ ಖುಷಿ ಕೊಟ್ಟ ಒಂದು ಸಾಲು ಸಿಕ್ಕಿತು. ಪ್ಯಾಕೆಟ್ ಮೇಲಿನ ಕ್ಯೂಆರ್‌ನಿಂದ ಮೇನಲ್ಲಿ ಬಂದದ್ದು 120 ಭೇಟಿ ಮಾತ್ರ, ಆದರೆ ಆರ್ಡರ್ 14. ಪುಡಿ ಮುಗಿಯುವ ಹೊತ್ತಿಗೆ ಡಬ್ಬಿಗೆ ಸುರಿದ ಖಾಲಿ ಕವರ್ ಹಿಡಿದು ಮತ್ತೆ ಕೇಳಿದವರು ಇವರು. ಆ ಕೋಡ್ ಅನ್ನು ನಾವು ಕವರ್‌ನ ಹಿಂದೆ, ಕೆಳಗಿನ ಅಂಚಿನಲ್ಲಿ ಸಣ್ಣದಾಗಿ ಹಾಕಿಸಿದ್ದೆವು. ಮುಂದಿನ ಪ್ರಿಂಟ್‌ನಲ್ಲಿ ಮೇಲಕ್ಕೆ ತಂದು ದೊಡ್ಡದು ಮಾಡಿಸುತ್ತಿದ್ದೇವೆ.

ಈಗ ಎರಡನೆಯ ಕೆಲಸಕ್ಕೆ ಕೈ ಹಾಕಿದ್ದೇನೆ. ಗೂಗಲ್‌ನಿಂದ ಬಂದ 700 ಭೇಟಿಯಲ್ಲಿ 240 ನೇರವಾಗಿ ಬಂದು ಇಳಿದದ್ದು ಕಾಚಂಪುಳಿ ಪುಟಕ್ಕೆ. ಪಂದಿ ಕರಿ ಮಾಡಲು ಹುಡುಕಿ ಬಂದವರು. ಏಪ್ರಿಲ್‌ನಲ್ಲಿ ನಮ್ಮ ಹತ್ತಿರ ಒಂದು ಬಾಟಲಿಯೂ ಇರಲಿಲ್ಲ, ಪುಟದಲ್ಲಿ 'ಖಾಲಿ' ಎಂದಷ್ಟೇ ಇತ್ತು. ಅದನ್ನು ಮಾಡುವ ಪಣಪುಳಿ ಹಣ್ಣು ಬೀಳುವುದೇ ಮಳೆಗಾಲದಲ್ಲಿ, ರಸ ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಇಳಿಸುವವರೆಗೂ ಯಾರಿಗೂ ಕೊಡಲು ಆಗುವುದಿಲ್ಲ. ಜುಲೈ ಮೊದಲ ದಿನ ಆ ಪುಟದಲ್ಲಿ 'ಬಂದಾಗ ತಿಳಿಸಿ' ಎಂದು ವಾಟ್ಸಾಪ್ ನಂಬರ್ ಬರೆಯುವ ಜಾಗ ಇಟ್ಟೆ. ಎರಡು ವಾರದಲ್ಲಿ 31 ನಂಬರ್ ಬಂದಿವೆ. ಅತ್ತೆ ಹಿತ್ತಲಲ್ಲಿ ಒಲೆ ಹೂಡಿ ಮೊದಲ ಪಾತ್ರೆ ಕುದಿಯಲು ಇಟ್ಟಿದ್ದಾರೆ. ಆ 31 ಜನರಿಗೆ ಕಳಿಸುವ ಲಿಂಕ್‌ಗೆ `utm_campaign=kachampuli` ಎಂದು ಗುರುತು ಕಟ್ಟಿ ಇಟ್ಟುಕೊಂಡಿದ್ದೇನೆ.